ತಂಪ ಆದ್ರ ನೋವು ಹೋದಂಗಾ? ಟ್ಯೂಬಿನ ಹಿಂಬದಿ ಓದಿ ನೋಡ್ರಿ

ಹೋದ ಹಂಗಾಮಿನಾಗ ನಮ್ಮ ಕಾಕಾ ಕಬ್ಬಿನ ಟ್ರೇಲರ್‌ ಮ್ಯಾಲಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡರು. ಮೆಡಿಕಲ್‌ ಅಂಗಡಿಯವರು ಒಂದು ಜೆಲ್‌ ಕೊಟ್ಟರು. ಒಂದು ದಿನ ಹಚ್ಚಿದವರೇ ಮೂಲೆಗೆ ಒಗೆದರು. "ತಂಪೂ ಇಲ್ಲ, ಉರಿನೂ ಇಲ್ಲ, ನೀರ ಹಚ್ಚಿದಂಗ ಆಗತೈತಿ. ಡುಪ್ಲಿಕೇಟ್‌ ಕೊಟ್ಟಾನ ನೋಡು" ಅಂದರು. ಆಮೇಲೆ ಘಮ್ಮಂತ ವಾಸನೆ ಬರೋ ಬಾಮ್‌ ತಂದರು. ಹಚ್ಚಿದ ಕೂಡಲೇ ಆರಾಮ, ತಾಸು ಕಳೆಯೋದ್ರೊಳಗ ಮತ್ತೆ ಅದೇ ನೋವು.

ನಾನು ಎರಡನ್ನೂ ತಿರುಗಿಸಿ ಹಿಂಬದಿ ಓದಿದೆ. ಅಕ್ಷರ ಸಣ್ಣ ಇರ್ತಾವ, ಮೊಬೈಲಿನಾಗ ಫೋಟೋ ತೆಗೆದು ದೊಡ್ಡದು ಮಾಡಿದರೆ ಕಾಣ್ತದ. ಕೀಟನಾಶಕದ ಬಾಟಲಿ ಕೊಳ್ಳುವಾಗ ನೀವು ವ್ಯಾಪಾರಿ ಹೆಸರು ಬಿಟ್ಟು ಒಳಗಿರೋ ಔಷಧ ಇಮಿಡಾಕ್ಲೋಪ್ರಿಡ್ಡೋ ಮತ್ತೊಂದೋ ಅಂತ ನೋಡ್ತೀರಲ್ಲ, ಹಂಗೇ ಇಲ್ಲಿ 'ಕಾಂಪೋಸಿಷನ್‌' ಅಂತ ಬರೆದ ಸಾಲು ನೋಡಬೇಕು. (ಸಾವಯವದವನು ಕೀಟನಾಶಕದ ಉದಾಹರಣೆ ಕೊಟ್ಟೆ ಅಂತ ನಗಬ್ಯಾಡ್ರಿ.)

ಬಾಮಿನ ಮೇಲೆ ಇದ್ದದ್ದು ಪುದೀನಾ ಸತ್ವ, ಕರ್ಪೂರ, ನೀಲಗಿರಿ ಎಣ್ಣೆ, ಗಂಧಪುರ ತೈಲ. ಪುದೀನಾ ಸತ್ವ ಅಂದ್ರೆನೇ ಮೆಂಥಾಲ್‌. ಅದು ಚರ್ಮದಾಗ ತಂಪು ಗುರುತಿಸುವ ನರದ ತುದಿಗಳನ್ನು ಕೆರಳಿಸ್ತದ. ಆ ತಂಪಿನ ಸುದ್ದಿಯ ಗದ್ದಲದಾಗ ನೋವಿನ ಸುದ್ದಿ ಮಿದುಳಿಗೆ ಮಂದವಾಗಿ ಮುಟ್ಟತದ. ಒಳಗಿನ ಬಾವು ಇದ್ದಲ್ಲೇ ಇರ್ತದ. ಮೈ-ಕೈ ದಣಿದಾಗ, ಬೆನ್ನು ಹಿಡಿದಾಗ ಇದು ಸಾಕು, ತಪ್ಪೇನಿಲ್ಲ. ಗಂಧಪುರ ತೈಲದೊಳಗೆ ಮುಖ್ಯವಾಗಿ ಇರೋದು ಮೀಥೈಲ್‌ ಸ್ಯಾಲಿಸಿಲೇಟ್‌. ಅದು ಆಸ್ಪಿರಿನ್‌ ಬಳಗದ್ದು, ಆದ್ದರಿಂದ ರಕ್ತ ತೆಳುವಾಗೋ ಗುಳಿಗೆ ತಗೊಳ್ಳೋರು ಡಾಕ್ಟರಿಗೆ ಕೇಳಿಯೇ ಹಚ್ಚಬೇಕು.

ಕಾಕಾ ಒಗೆದ ಟ್ಯೂಬಿನ ಮೇಲೆ ಇದ್ದದ್ದು ಒಂದೇ ಹೆಸರು: ಡೈಕ್ಲೋಫೆನಾಕ್‌ ಡೈಈಥೈಲಮೈನ್‌ 1.16%. ಇದು ಬಾವು ಇಳಿಸುವ ಜಾತಿಯ ಔಷಧ. ಪೆಟ್ಟಾದ ಜಾಗದಾಗ ನೋವು, ಬಾವು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್‌ ಅನ್ನೋ ವಸ್ತು ತಯಾರಾಗೋದನ್ನ ಕಡಿಮೆ ಮಾಡ್ತದ. ಚರ್ಮದಿಂದ ನಿಧಾನ ಇಳೀಬೇಕು, ಹಂಗಾಗಿ ಹಚ್ಚಿದ ಕೂಡಲೇ ಏನೂ ಗೊತ್ತಾಗಂಗಿಲ್ಲ. ಒಂದೆರಡು ದಿನ ಬಿಡದೆ ಹಚ್ಚಿದ ಮೇಲೆ ಫರಕು ಕಾಣ್ತದ. ಡುಪ್ಲಿಕೇಟ್‌ ಅಲ್ಲ, ಅದರ ಸ್ವಭಾವನೇ ಹಂಗೆ.

ಇವೆರಡರ ನಡುವೆ ಮಿಶ್ರ ಜೆಲ್‌ ಇರ್ತಾವ. ಡೈಕ್ಲೋಫೆನಾಕ್‌ ಜೊತೆ ಮೆಂಥಾಲ್‌, ಮೀಥೈಲ್‌ ಸ್ಯಾಲಿಸಿಲೇಟ್‌, ಅಗಸಿ ಎಣ್ಣೆ ಸೇರಿಸಿರ್ತಾರ. ತಂಪೂ ಆಗ್ತದ, ಬಾವಿನ ಔಷಧವೂ ಇರ್ತದ. ಅಂದ ಮೇಲೆ ಬರೇ ವಾಸನೆ ನೋಡಿ ಯಾವುದು ಅಂತ ಹೇಳಾಕ ಆಗೋದಿಲ್ಲ. ಸ್ಪ್ರೇ ಕೊಳ್ಳುವಾಗಲೂ ಅಷ್ಟೇ, ಒಂದೇ ಹೆಸರಿನ ಜೆಲ್‌ ಮತ್ತು ಸ್ಪ್ರೇ ಒಳಗೆ ಬೇರೆ ಬೇರೆ ಔಷಧ ಇರಬಹುದು. ಸ್ಪ್ರೇಯ ತಂಪಿನಲ್ಲಿ ಒಂದಿಷ್ಟು ಪಾಲು ಸ್ಪಿರಿಟ್‌ ಆರೋದ್ರಿಂದ ಬಂದಿರ್ತದ. ಬೆಂಕಿ ಹತ್ತಿಕೊಳ್ಳೋ ಸಾಮಾನು ಅದು, ಒಲೆ, ಬೀಡಿ ಹತ್ರ ಬ್ಯಾಡ.

ಬಾವಿನ ಜೆಲ್‌ ಸೋಲೋದು ಹೆಚ್ಚಾಗಿ ಅಳತೆಯಲ್ಲಿ. ದೊಡ್ಡವರಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ ಮೂರ್ನಾಲ್ಕು ಸಲ ಅನ್ನೋದು ರೂಢಿ. ಮೂರು ಗ್ರಾಂನಂತೆ ಮೂರು ಸಲ ಹಚ್ಚಿದರೆ 30 ಗ್ರಾಂ ಟ್ಯೂಬು ಮೂರ್ನಾಲ್ಕು ದಿನಕ್ಕೇ ಮುಗೀತದ. ನಮ್ಮಲ್ಲಿ ಅದೇ ಟ್ಯೂಬು ತಿಂಗಳುಗಟ್ಟಲೆ ಬರ್ತದ ಅಂದ್ರೆ ಕಡಲೆಕಾಳಿನಷ್ಟು ಹಚ್ಚಿ "ಕೆಲಸ ಮಾಡಲಿಲ್ಲ" ಅಂತೀವಿ. ಮೆಲ್ಲಗೆ ಸವರಿದರೆ ಸಾಕು, ಉಳುಕಿದ ಜಾಗವನ್ನ ಗಸಗಸ ತಿಕ್ಕಬ್ಯಾಡ್ರಿ.

ಕಬ್ಬಿನ ಎಲಿ ಕೊಯ್ದ ಗೀರು ಇದ್ದಲ್ಲಿ ಎರಡನ್ನೂ ಹಚ್ಚಬಾರದು. ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆ ಸುತ್ತೋದು, ಉಪ್ಪಿನ ಗಂಟಿನಿಂದ ಕಾವು ಕೊಡೋದು ಬ್ಯಾಡ. ಮೆಂಥಾಲ್‌ ಬಾಮಿನ ಮೇಲೆ ಬಿಸಿ ಇಟ್ಟು ಚರ್ಮ ಸುಟ್ಟು ಬೊಬ್ಬೆ ಎದ್ದವರಿದ್ದಾರೆ. ಕೈ ತೊಳೆದೇ ಕಣ್ಣು ಮುಟ್ಟಿ. ಬಾವಿನ ಜೆಲ್‌ ಹಚ್ಚಿದ ಭಾಗ ಬಿಸಿಲಿಗೆ ಬೀಳದಂಗ ನೋಡಿಕೊಳ್ಳಿ. ಆಸ್ಪಿರಿನ್‌ ತಗೊಂಡ್ರ ಉಬ್ಬಸ ಬರೋರು, ಬಸುರಿಯರು ಕೇಳದೆ ಹಚ್ಚಬಾರದು. ಜೆಲ್‌ ಜೊತೆಗೆ ಡೈಕ್ಲೋಫೆನಾಕ್‌ ಗುಳಿಗೆಯನ್ನೂ ನುಂಗಿದರೆ ಹೊಟ್ಟೆ, ಮೂತ್ರಪಿಂಡಕ್ಕೆ ಭಾರ, ಅದರಲ್ಲೂ ನೀರು ಕುಡಿಯದೆ ಬಿಸಿಲಾಗ ದುಡಿಯೋರಿಗೆ.

ಕಾಕಾಗೆ ಬಾಮ್‌ ಬಿಡಿಸಿ, ಕಾಲು ದಿಂಬಿನ ಮೇಲೆ ಇಡಿಸಿ, ಮೂಲೆಗೆ ಬಿದ್ದಿದ್ದ ಜೆಲ್ಲನ್ನೇ ಅಳತೆ ಪ್ರಕಾರ ಹಚ್ಚಿಸಿದೆವು. ನಾಲ್ಕನೇ ದಿನಕ್ಕೆ ನೋವು ಇಳಿದಿತ್ತು. ಕಾಲೂರಲು ಆಗದಿದ್ರೆ, ಪಾದ ಜೋಮು ಹಿಡಿದ್ರೆ ಮಾತ್ರ ಜೆಲ್‌ ನಂಬಿ ಕೂರಬ್ಯಾಡ್ರಿ, ಎಕ್ಸ್‌-ರೇ ತೆಗೆಸ್ರಿ. ಎದೆ ಬಿಗಿದು ಎಡಗೈಗೆ ಇಳಿಯೋ ನೋವಿಗೆ ಬಾಮ್‌ ತಿಕ್ಕೋದು ಬಿಟ್ಟು ಸೀದಾ ದವಾಖಾನಿಗೆ ಹೋಗ್ರಿ.

ಇನ್ನೊಂದು ಮಾತು. ಉಳಿದ ಜೆಲ್ಲನ್ನ ಎತ್ತಿನ ಹೆಗಲಿಗೆ ಹಚ್ಚೋರೂ ಇದ್ದಾರೆ. ಡೈಕ್ಲೋಫೆನಾಕ್‌ ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಸತ್ತವು ಅಂತ ನಮ್ಮ ದೇಶದಾಗ 2006ರಲ್ಲೇ ಜಾನುವಾರಿಗೆ ಅದನ್ನ ನಿಷೇಧಿಸ್ಯಾರ. ಎತ್ತಿಗೆ ನೋವಿದ್ರೆ ಪಶುವೈದ್ಯರಿಗೆ ಕೇಳ್ರಿ, ಅವರ ಹತ್ರ ಮೆಲಾಕ್ಸಿಕಾಂ ಇರ್ತದ.