ವಿಡಿಯೊ ನೋಡದ ಕಣ್ಣಿಗೆ ಬಿಡಿ ಚಿತ್ರಗಳು

ಅಂಗಡಿ ಮುಂದೆ ನಿಲ್ಲಿಸಿದ್ದ ಸ್ಕೂಟರಿಗೆ ಯಾವುದೋ ಗಾಡಿ ಗುದ್ದಿ ಹೋಗಿದೆ ಎಂದುಕೊಳ್ಳೋಣ. ಗೀರಿನ ಫೋಟೊ ಕೊಟ್ಟರೆ ಎಐ ಆ್ಯಪ್ ಅದನ್ನು ವಿವರವಾಗಿ ಬಣ್ಣಿಸುತ್ತದೆ. ಸಿಸಿಟಿವಿಯ ಎರಡು ನಿಮಿಷದ ವಿಡಿಯೊ ಕೊಟ್ಟರೆ ಮಾತ್ರ ಅಂಥ ಎಷ್ಟೋ ಆ್ಯಪ್‌ಗಳು ತೆಗೆದುಕೊಳ್ಳುವುದೇ ಇಲ್ಲ.

ಇಂಥ ಆ್ಯಪ್ ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ ಓದುತ್ತದೆ. 2020ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಪ್ರಸಿದ್ಧ ವಿಧಾನದಲ್ಲಿ, ಉದ್ದಗಲ 224 ಪಿಕ್ಸೆಲ್ ಇರುವ ಚಿತ್ರದಿಂದ 196 ಚೌಕಗಳು ಬರುತ್ತವೆ. ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರಗಳಿದ್ದರೆ ಒಂದೇ ನಿಮಿಷಕ್ಕೆ 1,800 ಚಿತ್ರ, ಅಂದರೆ ಮೂರೂವರೆ ಲಕ್ಷ ಚೌಕ. ಒಂದು ಸಲಕ್ಕೆ ಇಷ್ಟೇ ಓದಬಲ್ಲೆ ಎಂಬ ಮಿತಿ ಪ್ರತಿ ಮಾದರಿಗೂ ಇದೆ. ಲೈವ್ ಕ್ಯಾಮೆರಾದ್ದು ಇನ್ನೊಂದು ತೊಡಕು. ಪ್ರಶ್ನೆಯನ್ನು ಪೂರ್ತಿ ಪಡೆದ ಮೇಲೆ ಉತ್ತರ ಕೊಡುವಂತೆ ಕಟ್ಟಿದ ಆ್ಯಪಿಗೆ, ಮುಗಿಯದೇ ಹರಿಯುವ ದೃಶ್ಯದಲ್ಲಿ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯದು.

ಇದಕ್ಕೆ ದಾರಿಯೆಂದರೆ ವಿಡಿಯೊವನ್ನು ನಾವೇ ಚಿತ್ರಗಳಾಗಿ ಬಿಡಿಸಿ ಕೊಡುವುದು. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ ಒಂದು ಸಾಲು ಸಾಕು:

```
ffmpeg -i gate.mp4 -vf fps=1 a_%03d.jpg
```

ಸೆಕೆಂಡಿಗೆ ಒಂದರಂತೆ ಸುಮಾರು 120 ಚಿತ್ರಗಳು ಬರುತ್ತವೆ. ಹತ್ತಿಪ್ಪತ್ತರ ಕಂತುಗಳಲ್ಲಿ ಕೊಟ್ಟು, ಸ್ಕೂಟರ್ ಯಾವ ಚಿತ್ರದಿಂದ ವಾಲಿದೆ ಎಂದು ಕೇಳಬೇಕು. 46ನೆಯದರಲ್ಲಿ ನೆಟ್ಟಗಿದ್ದು 47ನೆಯದರಲ್ಲಿ ವಾಲಿದ್ದರೆ, ಗುದ್ದಿದ ಗಳಿಗೆ ಎರಡರ ನಡುವೆ ಬಿದ್ದುಹೋಗಿದೆ. ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಗಾಡಿ ಯಾವ ಚಿತ್ರದಲ್ಲೂ ಇಲ್ಲ ಎಂದ ಮಾತ್ರಕ್ಕೆ ಗಾಡಿಯೇ ಬಂದಿಲ್ಲ ಎಂದಲ್ಲ. ಆದ್ದರಿಂದ 44ನೇ ಸೆಕೆಂಡಿನಿಂದ ಮೂರು ಸೆಕೆಂಡನ್ನಷ್ಟೇ ಒತ್ತೊತ್ತಾಗಿ ಬಿಡಿಸಬೇಕು:

```
ffmpeg -ss 44 -t 3 -i gate.mp4 -vf fps=10 b_%03d.jpg
```

ಈಗ ಸಿಗುವ ಸುಮಾರು 30 ಚಿತ್ರಗಳಲ್ಲಿ ಗಾಡಿ ಬಂದದ್ದು, ತಾಗಿದ್ದು, ಹೋದದ್ದು ಸಾಲಾಗಿ ಕಾಣುವ ಸಾಧ್ಯತೆ ಹೆಚ್ಚು. ಲೈವ್ ಕ್ಯಾಮೆರಾಕ್ಕೂ ಇದೇ ಉಪಾಯ: ಐದೋ ಹತ್ತೋ ಸೆಕೆಂಡಿಗೊಂದು ಸ್ಕ್ರೀನ್‌ಶಾಟ್ ತೆಗೆದು ಕೊಡುವುದು.

ವಿಡಿಯೊವನ್ನೇ ತೆಗೆದುಕೊಳ್ಳುವ ಗೂಗಲ್‌ನ ಜೆಮಿನಿ ಕೂಡ ಬೇರೆ ಸೂಚನೆ ಇಲ್ಲದಿದ್ದರೆ ಸೆಕೆಂಡಿಗೆ ಒಂದು ಚಿತ್ರವನ್ನಷ್ಟೇ ಆರಿಸಿಕೊಳ್ಳುತ್ತದೆ. ಆದರೆ ಅದು ಧ್ವನಿಯನ್ನೂ ಕೇಳಿಸಿಕೊಳ್ಳುತ್ತದೆ. ನಾವು ಬಿಡಿಸಿದ ಚಿತ್ರಗಳಲ್ಲಿ ಹಾರ್ನ್, ಬ್ರೇಕಿನ ಸದ್ದು ಯಾವುದೂ ಇರುವುದಿಲ್ಲ. ವೇಗದ ಗಾಡಿಯ ನಂಬರ್ ಪ್ಲೇಟ್ ಮೂಲದಲ್ಲೇ ಮಸುಕಾಗಿದ್ದರೆ ಎಷ್ಟು ಚಿತ್ರ ತೆಗೆದರೂ ಮಸುಕೇ. ಆಗ ಆ್ಯಪ್ ಓದಿ ಹೇಳುವ ನಂಬರ್ ಊಹೆಯಾಗಿರಬಹುದು. ಅದನ್ನು ನಂಬಿ ಯಾರ ಮೇಲೂ ದೂರು ಕೊಡಬಾರದು.

ಬಿಡಿ ಚಿತ್ರಗಳು ಹುಡುಕಾಟಕ್ಕಷ್ಟೇ. ಸಿಸಿಟಿವಿಯ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಮೂಲ ವಿಡಿಯೊವನ್ನು ಮೊದಲೇ ಪ್ರತಿ ಮಾಡಿಟ್ಟುಕೊಳ್ಳಿ.