ನೆರಳು ಬಿದ್ದಾಗ ದಾರಿ ತಪ್ಪುವ ಇನ್ವರ್ಟರ್

ಸೋಲಾರ್ ಪ್ಯಾನೆಲ್ ಎಷ್ಟು ವಿದ್ಯುತ್ ಕೊಡುತ್ತದೆ ಎಂಬುದನ್ನು ಬಿಸಿಲೊಂದೇ ನಿರ್ಧರಿಸುವುದಿಲ್ಲ, ಅದನ್ನು ಎಷ್ಟು ವೋಲ್ಟೇಜಿನಲ್ಲಿ ದುಡಿಸುತ್ತಿದ್ದೇವೆ ಎಂಬುದೂ ಮುಖ್ಯ. ವೋಲ್ಟೇಜ್ ತೀರಾ ಇಳಿದರೆ ಕರೆಂಟ್ ಚೆನ್ನಾಗಿ ಹರಿದರೂ ವ್ಯಾಟ್ ಸಿಗುವುದಿಲ್ಲ. ತೀರಾ ಏರಿದರೆ ಕರೆಂಟೇ ನಿಂತುಬಿಡುತ್ತದೆ. ಇವೆರಡರ ನಡುವೆ ಅತಿ ಹೆಚ್ಚು ಪವರ್ ಸಿಗುವ ಒಂದು ತುದಿ ಇರುತ್ತದೆ. ಅದನ್ನು ಹುಡುಕಿ ಅಲ್ಲೇ ನಿಲ್ಲುವುದು ಇನ್ವರ್ಟರಿನೊಳಗಿನ ಎಂಪಿಪಿಟಿಯ ಕೆಲಸ. ಅದರ ವಿಧಾನ ಸರಳ. ವೋಲ್ಟೇಜನ್ನು ಚೂರು ಬದಲಿಸುತ್ತದೆ, ಪವರ್ ಹೆಚ್ಚಿದರೆ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ, ಕಡಿಮೆಯಾದರೆ ಹಿಂದಕ್ಕೆ ಬರುತ್ತದೆ. ಎಲ್ಲ ಪ್ಯಾನೆಲ್‌ಗಳ ಮೇಲೂ ಒಂದೇ ಸಮನಾಗಿ ಬಿಸಿಲಿದ್ದರೆ ತುದಿ ಒಂದೇ ಆದ್ದರಿಂದ ಈ ವಿಧಾನ ಸಾಕು.

ತುದಿಗಳು ಹೆಚ್ಚಾಗುವುದು ಬೈಪಾಸ್ ಡಯೋಡ್‌ಗಳಿಂದ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲೆಲ್ಲ ಒಂದೇ ಕರೆಂಟ್ ಹರಿಯಬೇಕು. ನೆರಳಿನಲ್ಲಿರುವ ಪ್ಯಾನೆಲ್ ಅಷ್ಟು ಕರೆಂಟ್ ಹುಟ್ಟಿಸಲಾರದು. ಬಲವಂತವಾಗಿ ಹರಿಸಿದರೆ ಅದರ ಸೆಲ್‌ಗಳು ಕಾದು ಸುಟ್ಟಾವು. ಹಾಗಾಗದಿರಲಿ ಎಂದು 60 ಸೆಲ್‌ಗಳ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಇಪ್ಪತ್ತು ಸೆಲ್‌ಗಳಿಗೊಂದರಂತೆ ಮೂರು ಡಯೋಡ್ ಇರುತ್ತವೆ. ಹೆಚ್ಚಿನ ಕರೆಂಟ್ ಬಂದಾಗ ಅವು ಪಕ್ಕದ ದಾರಿಯಲ್ಲಿ ಅದನ್ನು ದಾಟಿಸುತ್ತವೆ. ಆಗ ನೆರಳಿನ ಭಾಗದ ವೋಲ್ಟೇಜ್ ಲೆಕ್ಕದಿಂದ ಹೊರಗುಳಿಯುತ್ತದೆ. ಹೀಗೆ ಸರಣಿಯ ಮುಂದೆ ಎರಡು ಆಯ್ಕೆ: ನೆರಳಿನ ಪ್ಯಾನೆಲ್‌ಗಳನ್ನು ಜೊತೆಗಿಟ್ಟುಕೊಂಡು ಕಡಿಮೆ ಕರೆಂಟಿನಲ್ಲಿ ದುಡಿಯುವುದು, ಇಲ್ಲವೇ ಅವನ್ನು ಬಿಟ್ಟು ಪೂರ್ತಿ ಕರೆಂಟಿನಲ್ಲಿ ದುಡಿಯುವುದು. ಒಂದೊಂದು ಆಯ್ಕೆಗೂ ಒಂದೊಂದು ತುದಿ.

ತಾರಸಿಯ ಮೇಲೆ ಹತ್ತು ಪ್ಯಾನೆಲ್‌ಗಳ ಒಂದು ಸರಣಿ ಇದೆ ಎಂದುಕೊಳ್ಳೋಣ. ಒಳ್ಳೆಯ ಬಿಸಿಲಿನಲ್ಲಿ ಪ್ರತಿಯೊಂದೂ 40 ವೋಲ್ಟ್, 10 ಆಂಪಿಯರ್ ಕೊಡುತ್ತದೆ; ಒಟ್ಟು 400 ವೋಲ್ಟ್, 4,000 ವ್ಯಾಟ್. ಮಧ್ಯಾಹ್ನ ಮೂರರ ಹೊತ್ತಿಗೆ ನೀರಿನ ಟ್ಯಾಂಕಿನ ನೆರಳು ಮೂರು ಪ್ಯಾನೆಲ್‌ಗಳನ್ನು ಮುಚ್ಚಿತು. ಅವುಗಳಿಗೆ ಆಕಾಶದ ಚದುರಿದ ಬೆಳಕಷ್ಟೇ ಸಿಕ್ಕು, ಕರೆಂಟ್ 4 ಆಂಪಿಯರಿಗೆ ಇಳಿಯಿತು. ಲೆಕ್ಕ ಸುಲಭವಾಗಲೆಂದು ಉಳಿದ ಏಳರ ಬಿಸಿಲು ತಗ್ಗಿಲ್ಲ ಎಂದಿಟ್ಟುಕೊಳ್ಳಬಹುದು. ಆ ಮೂರನ್ನು ಬಿಟ್ಟರೆ ಏಳು ಪ್ಯಾನೆಲ್‌ಗಳ 280 ವೋಲ್ಟಿನಲ್ಲಿ ಡಯೋಡ್‌ಗಳು ಸುಮಾರು 5 ವೋಲ್ಟ್ ನುಂಗುತ್ತವೆ. 275 ವೋಲ್ಟ್, 10 ಆಂಪಿಯರ್, ಅಂದರೆ 2,750 ವ್ಯಾಟ್. ಹತ್ತನ್ನೂ ಜೊತೆಗಿಟ್ಟುಕೊಂಡರೆ ಕರೆಂಟ್ 4 ಆಂಪಿಯರ್ ಮಾತ್ರ. ಹೊರೆ ಕಡಿಮೆಯಾದ್ದರಿಂದ ಬಿಸಿಲಿನ ಪ್ಯಾನೆಲ್‌ಗಳ ವೋಲ್ಟೇಜ್ ತುಸು ಏರಿ ಒಟ್ಟು 430ರ ಆಸುಪಾಸಿಗೆ ಬರುತ್ತದೆ. ಸಿಗುವುದು ಸುಮಾರು 1,700 ವ್ಯಾಟ್.

ಇನ್ವರ್ಟರ್ ಮೊದಲೇ 400 ವೋಲ್ಟಿನಲ್ಲಿತ್ತು. ಅಲ್ಲಿಂದ ಚೂರು ಏರಿಸಿದರೆ ಪವರ್ ಹೆಚ್ಚುತ್ತದೆ, ಇಳಿಸಿದರೆ ಕಡಿಮೆಯಾಗುತ್ತದೆ. ಹಾಗಾಗಿ ಅದು 430ಕ್ಕೆ ಹೋಗಿ ತೃಪ್ತಿಯಿಂದ ಕೂರುತ್ತದೆ. 275ರಲ್ಲಿರುವ ದೊಡ್ಡ ತುದಿ ಕಾಣಬೇಕಾದರೆ ನಡುವಿನ ತಗ್ಗನ್ನು ದಾಟಬೇಕು. ಆದರೆ ಪವರ್ ಇಳಿಯುವ ದಿಕ್ಕಿಗೆ ಹೋಗಬಾರದು ಎಂಬುದೇ ಅದರ ನಿಯಮ. ಸಾವಿರ ವ್ಯಾಟ್ ಹೀಗೆ ಕೈಬಿಡುತ್ತದೆ. ಅದೇ ಸ್ಥಿತಿ ಎರಡು ಗಂಟೆ ಮುಂದುವರಿದರೆ ಎರಡು ಯೂನಿಟ್ ನಷ್ಟ. ಆಫ್ ಮಾಡಿ ಆನ್ ಮಾಡಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಏಕೆಂದರೆ ಇನ್ವರ್ಟರ್ ಕರೆಂಟ್ ಹರಿಯದ ಸ್ಥಿತಿಯ 490 ವೋಲ್ಟಿನಿಂದ ಕೆಳಗಿಳಿಯುತ್ತಾ ಮೊದಲು ಎದುರಾಗುವ 430ರಲ್ಲೇ ನಿಲ್ಲುತ್ತದೆ.

ಹಾಗೆಂದು ಮೇಲಿನ ತುದಿ ಯಾವಾಗಲೂ ತಪ್ಪೇನಲ್ಲ. ತೆಳು ನೆರಳಿನಲ್ಲಿ ಕರೆಂಟ್ 8 ಆಂಪಿಯರ್ ಇದ್ದರೆ ಹತ್ತನ್ನೂ ದುಡಿಸುವುದೇ ಲಾಭ. ಈ ಉದಾಹರಣೆಯಲ್ಲಿ ಸುಮಾರು ಆರೂವರೆ ಆಂಪಿಯರಿನ ಬಳಿ ಪಾರಮ್ಯ ಒಂದು ತುದಿಯಿಂದ ಇನ್ನೊಂದಕ್ಕೆ ಹೊರಳುತ್ತದೆ.

ತಪ್ಪಿದ್ದನ್ನು ಪತ್ತೆಹಚ್ಚಲು ಇನ್ವರ್ಟರಿನ ಪರದೆಯ ಡಿಸಿ ಅಂಕಿಗಳೇ ಸಾಕು. ನೆರಳು ಬಿದ್ದ ಮೇಲೆ ಕರೆಂಟ್ ಕುಸಿದು ವೋಲ್ಟೇಜ್ ಏರಿದ್ದರೆ ಅದು ಮೇಲಿನ ತುದಿಯಲ್ಲಿದೆ. ಕರೆಂಟ್ ಹಾಗೇ ಉಳಿದು ವೋಲ್ಟೇಜ್ ಬಹಳ ಇಳಿದಿದ್ದರೆ ನೆರಳಿನ ಪ್ಯಾನೆಲ್‌ಗಳನ್ನು ಬಿಟ್ಟು ದುಡಿಯುತ್ತಿದೆ.

ಇದಕ್ಕೆ ಮದ್ದು, ಆಗಾಗ ಇಡೀ ವೋಲ್ಟೇಜ್ ವ್ಯಾಪ್ತಿಯನ್ನು ಮೇಲಿಂದ ಕೆಳಗಿನವರೆಗೆ ಜಾಲಾಡಿ, ಅತಿ ಎತ್ತರದ ತುದಿಗೆ ಹೋಗಿ ನಿಲ್ಲುವ ಸ್ಕ್ಯಾನ್. ಹುವಾವೇ ಇನ್ವರ್ಟರುಗಳಲ್ಲಿ ಇದು MPPT multi-peak scanning ಎಂಬ ಹೆಸರಿನಲ್ಲಿದೆ. ಫ್ರೋನಿಯಸ್ ಇದನ್ನು Dynamic Peak Manager ಎನ್ನುತ್ತದೆ. ಜಾಲಾಡುವ ಆ ಕೆಲವು ಕ್ಷಣ ಉತ್ಪಾದನೆ ತಗ್ಗುವುದರಿಂದ, ನೆರಳೇ ಬೀಳದ ತಾರಸಿಯಲ್ಲಿ ಇದು ಚಿಕ್ಕದಾದರೂ ದಂಡವೇ. ಈ ಸೌಲಭ್ಯವನ್ನು ಆನ್ ಮಾಡಲಾಗಿದೆಯೇ ಎಂದು ಅಳವಡಿಸಿದವರನ್ನು ಕೇಳುವುದು ಒಳಿತು.

ಸ್ಕ್ಯಾನ್‌ಗೂ ಒಂದು ಮಿತಿಯಿದೆ. ಸರಣಿಯಲ್ಲಿ ನಾಲ್ಕೇ ಪ್ಯಾನೆಲ್ ಇದ್ದು ಎರಡಕ್ಕೆ ದಟ್ಟ ನೆರಳು ಬಿದ್ದರೆ ದೊಡ್ಡ ತುದಿ ಸುಮಾರು 77 ವೋಲ್ಟಿನಲ್ಲಿರುತ್ತದೆ. ಇನ್ವರ್ಟರ್ ಕನಿಷ್ಠ 90 ವೋಲ್ಟ್ ಬೇಡುವಂಥದ್ದಾದರೆ ಅಲ್ಲಿಗೆ ಇಳಿಯಲಾರದು. ಆಗ ಸರಣಿಯನ್ನು ಉದ್ದ ಮಾಡಬೇಕು, ಇಲ್ಲವೇ ಪ್ರತಿ ಪ್ಯಾನೆಲ್‌ಗೂ ಒಂದೊಂದು ಆಪ್ಟಿಮೈಸರ್ ಹಾಕಿಸಬೇಕು.