ದುಡ್ಡು ಕೊಡದೆ ಬರುವ ಬ್ಯಾಕ್‌ಲಿಂಕ್

ನೀವು ಒಂದು ಪುಟ್ಟ ವೆಬ್‌ಸೈಟ್ ಮಾಡಿದ್ದೀರಿ, ಆದರೆ ಗೂಗಲ್‌ನಲ್ಲಿ ಹುಡುಕಿದರೆ ಅದು ಕಾಣುವುದೇ ಇಲ್ಲ ಎಂದುಕೊಳ್ಳಿ. ಅಷ್ಟರಲ್ಲಿ ಯಾರೋ ಇಮೇಲ್ ಕಳಿಸುತ್ತಾರೆ: ಇಷ್ಟು ಡಾಲರ್ ಕೊಟ್ಟರೆ ಇಷ್ಟು ಬ್ಯಾಕ್‌ಲಿಂಕ್ ಕೊಡಿಸುತ್ತೇವೆ, ಅಂತ. ಅದನ್ನು ಅಳಿಸಿಬಿಡಿ. ಏಕೆ ಎಂದು ಹೇಳುತ್ತೇನೆ.

ಬೇರೆಯವರ ಪುಟದಿಂದ ನಿಮ್ಮ ಪುಟಕ್ಕೆ ಬರುವ ಕೊಂಡಿಯೇ ಬ್ಯಾಕ್‌ಲಿಂಕ್. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಪೇಜ್‌ರ‍್ಯಾಂಕ್ ಬಗ್ಗೆ ಬರೆದಾಗ ಅವರ ಲೆಕ್ಕ ಸರಳವಾಗಿತ್ತು: ಒಂದು ಸಂಶೋಧನಾ ಲೇಖನವನ್ನು ಬೇರೆ ವಿದ್ವಾಂಸರು ಉಲ್ಲೇಖಿಸಿದರೆ ಅದರ ತೂಕ ಹೆಚ್ಚುವ ಹಾಗೆ, ಪುಟಕ್ಕೂ ಕೊಂಡಿಗಳಿಂದ ತೂಕ ಬರುತ್ತದೆ. ಹಾಗಾಗಿಯೇ ಜನ ಕೊಂಡಿಗಳನ್ನು ಮಾರತೊಡಗಿದರು. 2012ರಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದಾಗ ಹೀಗೆ ಕೊಂಡ ಕೊಂಡಿಗಳನ್ನು ನೆಚ್ಚಿಕೊಂಡಿದ್ದ ಎಷ್ಟೋ ಸೈಟುಗಳು ಕೆಳಕ್ಕೆ ಜಾರಿದವು.

ಹಾಗಾದರೆ ಯಾರಾದರೂ ತಾವಾಗಿಯೇ ಕೊಂಡಿ ಕೊಡುವುದು ಯಾವಾಗ? ನಿಮ್ಮ ಪುಟದಲ್ಲಿರುವುದು ಬೇರೆಲ್ಲೂ ಸಿಗದಿದ್ದಾಗ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ನಿಮ್ಮ ಸುತ್ತಮುತ್ತಲಿನ ಸಾರ್ವಜನಿಕ ಲೈಬ್ರರಿಗಳಲ್ಲಿ ಮಕ್ಕಳಿಗೆ ಎಷ್ಟು ಕನ್ನಡ ಪುಸ್ತಕಗಳಿವೆ? ಕನ್ನಡ ಶಾಲೆ ನಡೆಸುವ ಆಂಟಿಯರಿಗೆ ಇದು ಬೇಕು, ಲೈಬ್ರರಿಯವರಿಗೂ ಬೇಕು. ಆದರೆ ಎಣಿಸಿದವರು ಸಿಗುವುದು ಕಷ್ಟ.

ಹತ್ತು ಲೈಬ್ರರಿಗಳನ್ನು ಆರಿಸಿ. ಅವುಗಳ ಆನ್‌ಲೈನ್ ಕ್ಯಾಟಲಾಗ್ ತೆರೆದು, ಭಾಷೆ ಕನ್ನಡ, ಓದುಗರು ಮಕ್ಕಳು ಎಂದು ಸೋಸಿ, ಬಂದ ಸಂಖ್ಯೆಯನ್ನು ನೋಡಿದ ದಿನಾಂಕದೊಂದಿಗೆ ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಿರಿ. ಆದರೆ ಎಣಿಸುವ ಮೊದಲೇ ನಿಯಮ ಗಟ್ಟಿಮಾಡಿಕೊಳ್ಳಿ: ಎಣಿಸುವುದು ಶೀರ್ಷಿಕೆಗಳನ್ನೋ ಪ್ರತಿಗಳನ್ನೋ? ಇ-ಪುಸ್ತಕ ಸೇರುತ್ತದೆಯೋ? ಕನ್ನಡ-ಇಂಗ್ಲಿಷ್ ಎರಡೂ ಇರುವ ಪುಸ್ತಕ? ಇಂಥ ದ್ವಿಭಾಷಾ ಪುಸ್ತಕವನ್ನು ಕೆಲವೊಮ್ಮೆ ಇಂಗ್ಲಿಷ್ ಎಂದೇ ದಾಖಲಿಸಿರುತ್ತಾರೆ, ಆಗ ಅದು ಲೆಕ್ಕಕ್ಕೇ ಬರುವುದಿಲ್ಲ. ಹಲವು ಊರುಗಳು ಒಂದೇ ಕ್ಯಾಟಲಾಗ್ ಹಂಚಿಕೊಂಡಿದ್ದರೆ ಅದೇ ಪುಸ್ತಕವನ್ನು ನೀವು ಎರಡು ಸಲ ಎಣಿಸಬಹುದು. ಎರಡು ಊರುಗಳ ಸಂಖ್ಯೆ ಒಂದೇ ಬಂದರೆ ಅನುಮಾನಪಡಿ. ಪ್ರತಿ ಲೈಬ್ರರಿಯಲ್ಲೂ ನಾಲ್ಕೈದು ದಾಖಲೆ ತೆರೆದು, ಪುಸ್ತಕ ನಿಜವಾಗಿ ಕನ್ನಡದ್ದೇ, ಇರುವುದು ಆ ಊರಲ್ಲೇ ಎಂದು ನೋಡಿಕೊಳ್ಳಿ.

ಬರೀ ಸಂಖ್ಯೆಯಿಂದ ಕಾರಣ ಗೊತ್ತಾಗುವುದಿಲ್ಲ. ಅದಕ್ಕೆ ಬಲ್ಲವರ ಮಾತು ಬೇಕು. ಮಕ್ಕಳ ವಿಭಾಗದ ಲೈಬ್ರೇರಿಯನ್ ಒಬ್ಬರಿಗೆ ನಿಮ್ಮ ಪಟ್ಟಿ ಕಳಿಸಿ ಒಂದೇ ಪ್ರಶ್ನೆ ಕೇಳಿ: ಕನ್ನಡದಲ್ಲಿ ಹುಡುಕಿದರೆ ಸೊನ್ನೆ ಬರುವುದೇಕೆ? ಅವರ ಉತ್ತರದಲ್ಲಿ ಬರಬಹುದಾದ ಒಂದು ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ಹೊಸದು. ಅಮೆರಿಕದ ಲೈಬ್ರರಿಗಳು ಕನ್ನಡ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಒಂದು ನಿಗದಿತ ಕ್ರಮದಂತೆ ಬರೆಯುತ್ತವೆ, ಮತ್ತು ಎಲ್ಲ ದಾಖಲೆಗಳಲ್ಲೂ ಕನ್ನಡ ಲಿಪಿ ಇರುವುದಿಲ್ಲ. ಆ ಕ್ರಮದಲ್ಲಿ ‘ಚ’ ಅಂದರೆ ಬರೀ c. ಹಾಗಾಗಿ chandamama ಎಂದು ಹುಡುಕಿದರೆ ಸಿಗದ ಪುಸ್ತಕ candamama ಎಂದರೆ ಸಿಗಬಹುದು! ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ, ಪ್ರಕಟಿಸುವ ಮೊದಲು ತೋರಿಸಿ, ಹೆಸರು ಹಾಕಲು ಒಪ್ಪಿಗೆ ಕೇಳಿ. ಅವರು ಹೇಳದ್ದನ್ನು ಚೆನ್ನಾಗಿ ಕಾಣಲಿ ಎಂದು ಸೇರಿಸಬಾರದು.

ಈ ಸುಳಿವನ್ನೇ ಇಟ್ಟುಕೊಂಡು ಒಂದು ಪುಟದ ಕೈಪಿಡಿ ಮಾಡಿ: ಕನ್ನಡ ಹೆಸರನ್ನು ಹೇಗೆ ಟೈಪ್ ಮಾಡಬೇಕು, ಪುಸ್ತಕ ತರಿಸಿ ಎಂದು ಲೈಬ್ರರಿಗೆ ಕೋರುವ ಫಾರ್ಮ್ ಎಲ್ಲಿದೆ, ಅಷ್ಟೇ. ನನ್ನನ್ನು ಕೇಳಿದರೆ, ಅಂಕಿಗಳಿಗಿಂತ ಇದಕ್ಕೇ ಹೆಚ್ಚು ಕೊಂಡಿ ಬರುತ್ತದೆ, ಏಕೆಂದರೆ ಅಮ್ಮಂದಿರು ಇದನ್ನು ದಿನವೂ ಬಳಸಬಹುದು. ಪಕ್ಕದಲ್ಲೇ ಸ್ಪ್ರೆಡ್‌ಶೀಟ್ ಇಡಿ. ಎಣಿಸಿದ ಬಗೆ, ಬಿಟ್ಟುಹೋದದ್ದು ಏನು ಎಂಬುದನ್ನೂ ಬರೆಯಿರಿ.

ಆಮೇಲೆ ನೀವು ಎಣಿಸಿದ ಹತ್ತು ಲೈಬ್ರರಿಗಳಿಗೆ, ಹತ್ತಿರದ ಕನ್ನಡ ಶಾಲೆಗಳಿಗೆ ಒಂದೊಂದು ಇಮೇಲ್. ನಾಲ್ಕು ಸಾಲು ಸಾಕು: ನಿಮ್ಮಲ್ಲಿ ಇಷ್ಟು ಕನ್ನಡ ಪುಸ್ತಕ ಕಂಡಿತು, ತಪ್ಪಿದ್ದರೆ ತಿಳಿಸಿ, ಕೈಪಿಡಿ ಇಲ್ಲಿದೆ. ಇಂಥ ಪದಕ್ಕೇ ಕೊಂಡಿ ಹಾಕಿ ಎಂದು ಹೇಳಬೇಡಿ. ‘ನೀವು ನನಗೆ ಕೊಡಿ, ನಾನು ನಿಮಗೆ ಕೊಡುತ್ತೇನೆ’ ಎಂಬ ಒಪ್ಪಂದವೂ ಬೇಡ. ಇದು ಅತಿಯಾದರೆ ಗೂಗಲ್ ಅದನ್ನೂ ಸ್ಪ್ಯಾಮ್ ಎನ್ನುತ್ತದೆ. ಯಾವುದಾದರೂ ಅಂಗಡಿ ದುಡ್ಡು ಕೊಟ್ಟು ನಿಮ್ಮ ಪುಟದಲ್ಲಿ ಜಾಹೀರಾತು ಹಾಕಿಸಿದರೆ, ಆ ಕೊಂಡಿಗೆ ಹೀಗೆ ಗುರುತು ಹಾಕಿ:

```html
<a href="https://example.com" rel="sponsored">ಅಂಗಡಿ</a>
```

ಯಾರು ಕೊಂಡಿ ಕೊಟ್ಟರು ಎಂಬುದು ಗೂಗಲ್ ಸರ್ಚ್ ಕನ್ಸೋಲ್‌ನ Links ವಿಭಾಗದಲ್ಲಿ ಕಾಣುತ್ತದೆ. ಅದು ಪುಕ್ಕಟೆ, ಆದರೆ ತುಂಬಿಕೊಳ್ಳಲು ಸಮಯ ಬೇಕು, ಎಲ್ಲವನ್ನೂ ತೋರಿಸುವುದೂ ಇಲ್ಲ. ಅಲ್ಲಿ ಒಂದು ಲೈಬ್ರರಿಯ ಹೆಸರು ಕಂಡರೆ ಆ ಕೊಂಡಿಯನ್ನು ಒತ್ತಿ, ಅವರು ಯಾವ ಪುಟದಲ್ಲಿ ಹಾಕಿದ್ದಾರೆ ನೋಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ನಿಯಮದಲ್ಲಿ ಮತ್ತೆ ಎಣಿಸಿ, ಅದೇ ವಿಳಾಸದ ಪುಟದಲ್ಲೇ ಹೊಸ ಅಂಕಿ ಸೇರಿಸಿ. ವಿಳಾಸ ಬದಲಾಯಿಸಿದರೆ ಹಳೆಯ ಕೊಂಡಿಗಳೆಲ್ಲ ತುಂಡಾಗಬಹುದು.